ಅಗರ್, ನೋರಿ ಮತ್ತು ಕೆಲ್ಪ್: ಅಡುಗೆಮನೆಯ ಮೂರು ಕಡಲಪಾಚಿಗಳು

ಅಗರ್, ನೋರಿ, ಕೆಲ್ಪ್ ಮೂರೂ ಕಡಲಪಾಚಿಯಿಂದ ಬರುವ ಪದಾರ್ಥಗಳು. ಹಾಗಿದ್ದರೂ ಅಡುಗೆಮನೆಯಲ್ಲಿ ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು. ಅಗರ್ ಎಂಬುದು ಪಾಚಿಯನ್ನು ಬೇಯಿಸಿ ತೆಗೆದ ಸಾರ. ಅದಕ್ಕೆ ತನ್ನದೆಂಬ ರುಚಿಯಿಲ್ಲ, ದ್ರವವನ್ನು ಗಟ್ಟಿಗೊಳಿಸುವುದಷ್ಟೇ ಅದರ ಕೆಲಸ. ನೋರಿ ಎಂದರೆ ಪಾಚಿಯನ್ನೇ ತೆಳು ಹಾಳೆಯಾಗಿ ಒಣಗಿಸಿದ್ದು. ಅದನ್ನು ಹಾಗೆಯೇ ತಿನ್ನುತ್ತಾರೆ. ಕೆಲ್ಪ್ ಅಗಲವಾದ, ದಪ್ಪನೆಯ ಕಂದು ಪಾಚಿ. ಜಪಾನಿನ ಅಡುಗೆಯಲ್ಲಿ ಅದಕ್ಕೆ ಕೊಂಬು ಎಂದು ಹೆಸರು. ಒಣಗಿದ ಕೊಂಬುವನ್ನು ನೀರಿನಲ್ಲಿ ನೆನೆಸಿ, ರುಚಿಯನ್ನು ನೀರಿಗೆ ಇಳಿಸಿಕೊಂಡು, ಪಾಚಿಯನ್ನು ಹೊರತೆಗೆಯುವುದು ವಾಡಿಕೆ.

ಕುಲದ ಲೆಕ್ಕದಲ್ಲಿಯೂ ಮೂರಕ್ಕೂ ಒಂದೇ ಮನೆಯಲ್ಲ. ಅಗರ್ ಕೊಡುವ ಪಾಚಿಗಳು ಮತ್ತು ನೋರಿ ಕೆಂಪು ಪಾಚಿಗಳ ಗುಂಪಿನವು. ನೆಲದ ಮೇಲಿನ ಗಿಡಮರಗಳಿಗೆ ಇವು ದೂರದ ನೆಂಟರು. ಕೆಲ್ಪ್ ಸೇರಿರುವ ಕಂದು ಪಾಚಿಗಳದ್ದು ಬೇರೆಯೇ ವಂಶ. ನೋಡಲು ಕಾಂಡ, ಎಲೆ, ಬೇರು ಇದ್ದಂತೆ ತೋರಿದರೂ ಕೆಲ್ಪ್ ಗಿಡವಲ್ಲ. ಬೇರಿನಂತೆ ಕಾಣುವ ಭಾಗ ಬಂಡೆಯನ್ನು ಹಿಡಿದುಕೊಳ್ಳುತ್ತದೆಯೇ ಹೊರತು ಆಹಾರ ಹೀರುವುದಿಲ್ಲ. ಪೋಷಕಾಂಶಗಳನ್ನು ಇಡೀ ಮೈ ಸುತ್ತಲಿನ ನೀರಿನಿಂದ ನೇರವಾಗಿ ಪಡೆಯುತ್ತದೆ.

ಮೊದಲು ಅಗರ್. ಭಾರತದ ದಿನಸಿ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂಬ ಹೆಸರಿನಲ್ಲಿ ಸಿಗುವ ಬಿಳಿ ಎಳೆಗಳು ಅಥವಾ ಪುಡಿ ಇದೇ. ಜೆಲಿಡಿಯಮ್, ಗ್ರಾಸಿಲೇರಿಯಾ ಮೊದಲಾದ ಕೆಂಪು ಪಾಚಿಗಳ ಕೋಶಭಿತ್ತಿಯಲ್ಲಿ ಅಗರ್ ಇರುತ್ತದೆ. ಭಾರತದಲ್ಲಿ ಈ ಪಾಚಿಗಳು ಹೆಚ್ಚಾಗಿ ಸಿಗುವುದು ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ. ರಾಮೇಶ್ವರ, ಪಾಂಬನ್ ಸುತ್ತಲಿನ ಮೀನುಗಾರ ಹೆಂಗಸರು ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡು, ಕಾಲಿಗೆ ಲೋಹದ ತಗಡು ಕಟ್ಟಿಕೊಂಡು ಮುಳುಗಿ, ಹವಳದ ಬಂಡೆಗಳಿಂದ ಇವನ್ನು ಕಿತ್ತು ತರುತ್ತಾರೆ.

ಪಾಚಿಯನ್ನು ನೀರಿನಲ್ಲಿ ಬಹಳ ಹೊತ್ತು ಕುದಿಸಿದರೆ ಅಗರ್ ಕರಗಿ ನೀರಿಗೆ ಬರುತ್ತದೆ. ಸೋಸಿದ ನೀರು ತಣಿದಾಗ ಹೆಪ್ಪಾಗುತ್ತದೆ. ಜಪಾನಿನಲ್ಲಿ ಈ ಹೆಪ್ಪನ್ನು ಎಳೆಎಳೆಯಾಗಿ ಕೊಯ್ದು ತಿನ್ನುವ ರೂಢಿ ತುಂಬ ಹಳೆಯದು. ಅದನ್ನು ಒಣಗಿಸಿ ವರ್ಷಗಟ್ಟಲೆ ಇಡಬಹುದೆಂದು ತಿಳಿದದ್ದು 17ನೇ ಶತಮಾನದಲ್ಲಿ. ಕ್ಯೋಟೊ ಬಳಿಯ ಫುಶಿಮಿಯಲ್ಲಿ ತರೋಜಾಯೆಮನ್ ಎಂಬ ಛತ್ರದ ಯಜಮಾನ ಚಳಿಗಾಲದ ರಾತ್ರಿ ಉಳಿದ ಹೆಪ್ಪನ್ನು ಹೊರಗೆ ಎಸೆದಿದ್ದನಂತೆ. ಅದು ರಾತ್ರಿ ಹಿಮಗಟ್ಟಿ, ಹಗಲು ಕರಗಿ, ಕೆಲವು ದಿನಗಳಲ್ಲಿ ಹಗುರವಾದ ಬಿಳಿ ಪದಾರ್ಥವಾಯಿತು ಎಂಬ ಕಥೆಯಿದೆ. ಕಥೆ ಎಷ್ಟು ನಿಜವೋ, ವಿಧಾನವಂತೂ ನಿಜ. ನಾಗಾನೊ ಪ್ರಾಂತ್ಯದ ಸುವಾ ಸೀಮೆಯಲ್ಲಿ ಇಂದಿಗೂ ಕೊಯ್ಲಾದ ಗದ್ದೆಗಳಲ್ಲಿ ಅಟ್ಟಣೆ ಹಾಕಿ, ಹೆಪ್ಪನ್ನು ರಾತ್ರಿಯ ಹಿಮಕ್ಕೂ ಹಗಲಿನ ಬಿಸಿಲಿಗೂ ಒಡ್ಡಿ ಒಣಗಿಸುತ್ತಾರೆ. ನೀರು ಮಂಜುಗಡ್ಡೆಯಾದಾಗ ಅಗರ್‌ನ ಜಾಲದಿಂದ ಬೇರೆಯಾಗುತ್ತದೆ. ಬಿಸಿಲಿಗೆ ಅದು ಕರಗಿ ಹರಿದುಹೋಗುವಾಗ ಉಪ್ಪು, ಬಣ್ಣ, ಕಡಲ ವಾಸನೆಗಳನ್ನೂ ಒಯ್ಯುತ್ತದೆ. ಅಗರ್‌ಗೆ ರುಚಿಯಿಲ್ಲದಿರುವುದು ಇದರಿಂದ.

ಅಗರ್ ಅಣುಗಳು ಸಕ್ಕರೆಯ ಘಟಕಗಳು ಒಂದಕ್ಕೊಂದು ಕೂಡಿ ಆದ ಉದ್ದನೆಯ ಸರಗಳು. ಕುದಿಯುವ ನೀರಿನಲ್ಲಿ ಈ ಸರಗಳು ಬಿಡಿಬಿಡಿಯಾಗಿ ಓಡಾಡುತ್ತವೆ. ನೀರು ತಣಿದು ಸುಮಾರು 35ರಿಂದ 40 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಎರಡೆರಡು ಸರಗಳು ಜಡೆಯಂತೆ ಹೆಣೆದುಕೊಂಡು, ಜಡೆಗಳು ಕಟ್ಟುಕಟ್ಟಾಗಿ ಜಾಲವಾಗುತ್ತವೆ. ನೀರು ಆ ಜಾಲದಲ್ಲಿ ಸಿಕ್ಕಿಕೊಳ್ಳುತ್ತದೆ. ನೂರು ಪಾಲು ನೀರನ್ನು ಹಿಡಿದಿಡಲು ಒಂದು ಪಾಲು ಅಗರ್ ಸಾಕು. ಒಮ್ಮೆ ಕಟ್ಟಿದ ಜಾಲ ಮಾತ್ರ ಅದೇ ಉಷ್ಣತೆಯಲ್ಲಿ ಬಿಚ್ಚಿಕೊಳ್ಳುವುದಿಲ್ಲ. ಗಟ್ಟಿಯಾದ ಅಗರ್ ಮತ್ತೆ ಕರಗಬೇಕಾದರೆ ಸುಮಾರು 85 ಡಿಗ್ರಿಯಷ್ಟು ಬಿಸಿ ಬೇಕು. ಗಟ್ಟಿಯಾಗುವ ಮತ್ತು ಕರಗುವ ಬಿಂದುಗಳ ನಡುವಿನ ಈ ದೊಡ್ಡ ಅಂತರವೇ ಅಗರ್‌ನ ವಿಶೇಷ. ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜಿಲೆಟಿನ್ ಮೈಯ ಬಿಸಿಗೇ ಕರಗಿಹೋಗುತ್ತದೆ. ಅಗರ್‌ನಿಂದ ಮಾಡಿದ ಪುಡಿಂಗ್ ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲೂ ತಟ್ಟೆಯ ಮೇಲೆ ನಿಂತಿರುತ್ತದೆ. ಇದರ ಇನ್ನೊಂದು ಮುಖವೆಂದರೆ ಅದು ಬಾಯಲ್ಲಿ ಕರಗುವುದಿಲ್ಲ, ಹಲ್ಲಿಗೆ ಸಿಕ್ಕಿ ಮುರಿಯುತ್ತದೆ. ನಾಲಿಗೆಯ ಮೇಲೆ ಕರಗುವ ಜೆಲ್ಲಿ ಬೇಕೆಂದು ಅಗರ್ ಬಳಸಿದವರಿಗೆ ನಿರಾಶೆ ಖಂಡಿತ.

ಈ ಗುಣ ಅಡುಗೆಮನೆಯಿಂದ ಪ್ರಯೋಗಾಲಯಕ್ಕೂ ಹೋಯಿತು. 1881ರಲ್ಲಿ ಬರ್ಲಿನ್‌ನ ರಾಬರ್ಟ್ ಕಾಖ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆ, ಬ್ಯಾಕ್ಟೀರಿಯಾ ಬೆಳೆಸಲು ಜಿಲೆಟಿನ್ ಹರಡಿದ ತಟ್ಟೆಗಳನ್ನು ಬಳಸುತ್ತಿದ್ದರು. ಬೇಸಿಗೆಯಲ್ಲಿ ಅದು ಕರಗುತ್ತಿತ್ತು. ಕೆಲವು ಬ್ಯಾಕ್ಟೀರಿಯಾ ಅದನ್ನೇ ತಿಂದು ನೀರಾಗಿಸುತ್ತಿದ್ದವು. ಅವರ ಪತ್ನಿ ಫ್ಯಾನಿ ಹೆಸ್ಸೆ ಮನೆಯಲ್ಲಿ ಜೆಲ್ಲಿಗೆ ಅಗರ್ ಬಳಸುತ್ತಿದ್ದರು. ಅಮೆರಿಕದಲ್ಲಿ ಬೆಳೆದ ಅವರಿಗೆ ಅದನ್ನು ಕಲಿಸಿದ್ದು ಜಾವಾದಲ್ಲಿ ಇದ್ದು ಬಂದ ಡಚ್ ನೆರೆಮನೆಯವರು. ಫ್ಯಾನಿಯ ಸಲಹೆಯಂತೆ ಅಗರ್ ಹಾಕಿದಾಗ 37 ಡಿಗ್ರಿಯಲ್ಲೂ ತಟ್ಟೆ ಗಟ್ಟಿಯಾಗಿ ಉಳಿಯಿತು. 1882ರಲ್ಲಿ ಕ್ಷಯದ ಬ್ಯಾಕ್ಟೀರಿಯಾ ಕುರಿತು ಕಾಖ್ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಅಗರ್‌ನ ಉಲ್ಲೇಖವಿದೆ, ಫ್ಯಾನಿಯ ಹೆಸರಿಲ್ಲ.

ಅಗರ್ ಬಳಸುವ ಕ್ರಮವನ್ನು ಎಳನೀರಿನ ಪುಡಿಂಗ್‌ನಲ್ಲಿ ನೋಡಬಹುದು. ಅರ್ಧ ಲೀಟರ್ ಎಳನೀರಿಗೆ 4 ಗ್ರಾಂ ಅಗರ್ ಪುಡಿ ಸಾಕು. ಪುಡಿಯ ನಯ ಕಂಪನಿಯಿಂದ ಕಂಪನಿಗೆ ಬೇರೆಯಾಗುವುದರಿಂದ ಚಮಚದ ಅಳತೆಗಿಂತ ತೂಕ ಲೇಸು. ಎಳನೀರನ್ನು ಪೂರ್ತಿ ಕುದಿಸಿದರೆ ಅದರ ಪರಿಮಳ ಹೋಗುತ್ತದೆ, ಕುದಿಸದಿದ್ದರೆ ಅಗರ್ ಕರಗುವುದಿಲ್ಲ. ಆದ್ದರಿಂದ ಅರ್ಧ ಭಾಗವನ್ನು ಮಾತ್ರ ಒಲೆಯ ಮೇಲಿಡಬೇಕು. ತಣ್ಣಗಿರುವಾಗಲೇ ಅದಕ್ಕೆ ಪುಡಿ ಉದುರಿಸಿ, ಕದಡಿ, ಹತ್ತು ನಿಮಿಷ ನೆನೆಯಲು ಬಿಡಬೇಕು. ಬಿಸಿ ದ್ರವಕ್ಕೆ ಪುಡಿ ಸುರಿದರೆ ಹೊರಗೆ ಅಂಟಾಗಿ ಒಳಗೆ ಒಣಗಿಯೇ ಉಳಿದ ಗಂಟುಗಳಾಗುತ್ತವೆ. ಆಮೇಲೆ ಕುದಿ ಬರಿಸಿ, ಸಣ್ಣ ಉರಿಯಲ್ಲಿ ಎರಡು ಮೂರು ನಿಮಿಷ ಕೈಯಾಡಿಸಬೇಕು. ಚಮಚದ ಬೆನ್ನಿಗೆ ಕಾಳುಕಾಳಾಗಿ ಏನೂ ಅಂಟದಿದ್ದರೆ ಅಗರ್ ಕರಗಿದೆ ಎಂದರ್ಥ. ಎಳೆಗಳ ರೂಪದ ಚೈನಾ ಗ್ರಾಸ್ ಆದರೆ ಮೊದಲು ಅರ್ಧ ಗಂಟೆ ನೆನೆಸಬೇಕು. ಕರಗಲೂ ಹೆಚ್ಚು ಹೊತ್ತು ಹಿಡಿಯುತ್ತದೆ. ಸಕ್ಕರೆಯೂ ನೀರನ್ನು ಹಿಡಿದುಕೊಳ್ಳುವುದರಿಂದ ಅದನ್ನು ಅಗರ್ ಕರಗಿದ ಮೇಲೆಯೇ ಹಾಕುವುದು ಸರಿ.

ಈಗ ಉಳಿದ ಅರ್ಧ ಎಳನೀರನ್ನು ಬೆರೆಸಬೇಕು. ಅದು ಕೋಣೆಯ ಉಷ್ಣತೆಯಲ್ಲಿದ್ದರೆ ಮಿಶ್ರಣ ಸುಮಾರು 60 ಡಿಗ್ರಿಗೆ ಬಂದು ನಿಲ್ಲುತ್ತದೆ. ಹೆಪ್ಪಾಗುವ ಬಿಂದು ಇನ್ನೂ ಕೆಳಗಿರುವುದರಿಂದ ಅಚ್ಚಿಗೆ ಹೊಯ್ಯಲು ಸಮಯ ಸಿಗುತ್ತದೆ. ಫ್ರಿಜ್‌ನಿಂದ ತೆಗೆದ ಎಳನೀರನ್ನು ಹಾಗೆಯೇ ಸುರಿದರೆ ತಣ್ಣನೆಯ ಧಾರೆ ತಗಲಿದಲ್ಲೆಲ್ಲ ಅಗರ್ ಕೂಡಲೇ ಗಟ್ಟಿಯಾಗಿ ಎಳೆಎಳೆಯಾಗುತ್ತದೆ, ಪುಡಿಂಗ್ ನಯವಾಗುವುದಿಲ್ಲ. ಹಾಲಿನ ಪುಡಿಂಗ್ ಕೆಡುವುದೂ ಬಹಳ ಸಲ ಹೀಗೆಯೇ. ನಿಂಬೆರಸ ಬೇಕಿದ್ದರೆ ಈ ಹಂತದಲ್ಲಿ ಹಾಕಬೇಕು. ಹುಳಿಯ ಜೊತೆ ಕುದಿಸಿದರೆ ಅಗರ್‌ನ ಸರಗಳು ತುಂಡಾಗಿ ಹೆಪ್ಪು ಸಡಿಲವಾಗುತ್ತದೆ. ಅಚ್ಚಿಗೆ ಹೊಯ್ಯುವ ಮೊದಲು ತಣ್ಣನೆಯ ತಟ್ಟೆಯ ಮೇಲೆ ಒಂದು ಚಮಚ ಹಾಕಿ ನೋಡಿದರೆ ಎರಡು ನಿಮಿಷದಲ್ಲಿ ಹದ ತಿಳಿಯುತ್ತದೆ. ಮೆತ್ತಗಿದ್ದರೆ ಸ್ವಲ್ಪ ನೀರಿನಲ್ಲಿ ಇನ್ನಷ್ಟು ಪುಡಿ ಕುದಿಸಿ ಸೇರಿಸಬಹುದು. ರಬ್ಬರಿನಂತಾದರೆ ಎಳನೀರು ಸೇರಿಸಿ ಮತ್ತೆ ಕಾಯಿಸಬಹುದು. ಹೆಪ್ಪಾದದ್ದನ್ನು ಪುನಃ ಕರಗಿಸಲು ಬರುವುದರಿಂದ ಅಗರ್‌ನಲ್ಲಿ ಕೈತಪ್ಪಿದ್ದು ಬಹುಮಟ್ಟಿಗೆ ಸರಿಹೋಗುತ್ತದೆ.

ಹಸಿ ಅನಾನಸ್ ಹಾಕಿದರೆ ಜಿಲೆಟಿನ್ ಹೆಪ್ಪಾಗುವುದೇ ಇಲ್ಲ, ಏಕೆಂದರೆ ಆ ಹಣ್ಣಿನ ಕಿಣ್ವ ಪ್ರೋಟೀನನ್ನು ಕತ್ತರಿಸುತ್ತದೆ. ಅಗರ್ ಪ್ರೋಟೀನ್ ಅಲ್ಲವಾದ್ದರಿಂದ ಆ ತೊಂದರೆಯಿಲ್ಲ. ಅಗರ್ ಪುಡಿಂಗನ್ನು ಫ್ರೀಜರ್‌ನಲ್ಲಿ ಮಾತ್ರ ಇಡಬಾರದು. ಸುವಾದ ಗದ್ದೆಗಳಲ್ಲಿ ಬೇಕೆಂದೇ ಮಾಡಿಸುವ ಕೆಲಸ ಅಲ್ಲಿ ಬೇಡದೆಯೇ ಆಗುತ್ತದೆ: ನೀರು ಬೇರೆ, ಅಗರ್ ಬೇರೆ. ಫ್ರಿಜ್‌ನಲ್ಲಿಟ್ಟರೂ ಮರುದಿನ ತಟ್ಟೆಯಲ್ಲಿ ಸ್ವಲ್ಪ ನೀರು ಒಸರಿರುತ್ತದೆ. ಅದು ಕೆಟ್ಟಿದ್ದರ ಗುರುತಲ್ಲ. ಜಾಲ ಬಿಗಿಯಾಗುತ್ತ ಹೋದಂತೆ ನೀರು ಹೊರಬರುವುದು ಸಹಜ.

ನೋರಿಯ ಪಾಚಿಗೂ ಕೆಂಪು ಬಣ್ಣವೇ ಮೂಲ. ಸುಶಿಯ ಸುತ್ತ ಕಾಣುವ ಕಡುಹಸಿರು ಹಾಳೆ ಕಡಲಲ್ಲಿದ್ದಾಗ ನೇರಳೆ ಮಿಶ್ರಿತ ಕಂದಾಗಿರುತ್ತದೆ. ಹಿಂದೆ ಪೋರ್ಫೈರಾ ಎಂದೂ ಈಗ ಪೈರೋಪಿಯಾ ಮೊದಲಾದ ಹೆಸರುಗಳಿಂದಲೂ ಕರೆಯುವ ಈ ಪಾಚಿಯ ಎಲೆ ಒಂದೇ ಕೋಶದಷ್ಟು ದಪ್ಪ. ಅದರ ಸಂಬಂಧಿಯೊಂದು ಭಾರತದ ಪಶ್ಚಿಮ ಕರಾವಳಿಯ ಬಂಡೆಗಳ ಮೇಲೂ ಮಳೆಗಾಲದಲ್ಲಿ ಬೆಳೆಯುತ್ತದೆ. ಕೊರಿಯಾದಲ್ಲಿ ಇದರ ಹಾಳೆಗೆ ಎಳ್ಳೆಣ್ಣೆ, ಉಪ್ಪು ಸವರಿ ಸುಡುತ್ತಾರೆ. ಬ್ರಿಟನ್ನಿನ ವೇಲ್ಸ್‌ನಲ್ಲಿ ಹಾಳೆ ಮಾಡದೆ ಗಂಟೆಗಟ್ಟಲೆ ಬೇಯಿಸಿ, ಕಪ್ಪು ಗೊಜ್ಜಿನಂತೆ ಮಾಡಿ, ಓಟ್ಸ್ ಹಿಟ್ಟಿನ ಜೊತೆ ಹುರಿದು ತಿನ್ನುತ್ತಾರೆ.

ಜಪಾನಿನಲ್ಲಿ ನೋರಿ ಶತಮಾನಗಳಿಂದ ಬೆಳೆಯಾಗಿದ್ದರೂ ಅದರ ಬೀಜ ಎಲ್ಲಿಂದ ಬರುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ರೈತರು ಶರತ್ಕಾಲದಲ್ಲಿ ಆಳವಿಲ್ಲದ ಕಡಲಿನಲ್ಲಿ ಬಿದಿರ ಗಳಗಳನ್ನು ನೆಟ್ಟು ಕಾಯುತ್ತಿದ್ದರು. ಕೆಲವು ವರ್ಷ ಪಾಚಿ ಬರುತ್ತಿತ್ತು, ಕೆಲವು ವರ್ಷ ಬರುತ್ತಿರಲಿಲ್ಲ. ಎಲೆ ವಸಂತದಲ್ಲಿ ಮಾಯವಾಗಿ ಶರತ್ಕಾಲದಲ್ಲಿ ಮತ್ತೆ ಕಾಣಿಸಿಕೊಳ್ಳುವವರೆಗೆ ಪಾಚಿ ಎಲ್ಲಿರುತ್ತದೆ ಎಂಬುದು ಬಗೆಹರಿಯದ ಪ್ರಶ್ನೆಯಾಗಿತ್ತು.

ಉತ್ತರ ಸಿಕ್ಕಿದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ. ಅಲ್ಲಿನ ವಿಶ್ವವಿದ್ಯಾಲಯದ ಕ್ಯಾಥ್ಲೀನ್ ಡ್ರೂ-ಬೇಕರ್ ಮದುವೆಯಾದ ಕಾರಣಕ್ಕೆ ಅಧ್ಯಾಪಕಿಯ ಕೆಲಸ ಕಳೆದುಕೊಂಡು, ಸಂಶೋಧನೆಯನ್ನು ಮಾತ್ರ ಮುಂದುವರಿಸಿದ್ದವರು. ವೇಲ್ಸ್‌ನಲ್ಲಿ ತಿನ್ನುವ ಪಾಚಿಯನ್ನೇ ಅವರು ಅಭ್ಯಾಸ ಮಾಡುತ್ತಿದ್ದರು. ಅದರ ಬೀಜಕಣಗಳು ಚಿಪ್ಪಿನ ಮೇಲೆ ಬಿದ್ದಾಗ ಚಿಪ್ಪನ್ನು ಕೊರೆದು ಒಳಹೊಕ್ಕು, ನಸುಗೆಂಪು ನವಿರು ಎಳೆಗಳಾಗಿ ಬೆಳೆಯುವುದನ್ನು ಅವರು ಕಂಡರು. ಆ ಎಳೆಗಳು ವಿಜ್ಞಾನಕ್ಕೆ ಹೊಸವಲ್ಲ. ಕಾಂಕೋಸೆಲಿಸ್ ಎಂಬ ಪ್ರತ್ಯೇಕ ಪಾಚಿಯೆಂದು ಅವಕ್ಕೆ ಮೊದಲೇ ಹೆಸರಿಡಲಾಗಿತ್ತು. ಎರಡೂ ಒಂದೇ ಜೀವಿಯ ಎರಡು ಅವಸ್ಥೆಗಳು ಎಂದು ಡ್ರೂ-ಬೇಕರ್ 1949ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೇಸಿಗೆಯನ್ನು ಪಾಚಿ ಚಿಪ್ಪಿನೊಳಗೆ ಕಳೆಯುತ್ತದೆ. ನೀರು ತಣ್ಣಗಾದಾಗ ಅಲ್ಲಿಂದ ಹೊರಬರುವ ಕಣಗಳೇ ಹೊಸ ಎಲೆಗಳಾಗುತ್ತವೆ.

ಜಪಾನಿನ ವಿಜ್ಞಾನಿಗಳು ಇದನ್ನು ಕೂಡಲೇ ಕೈಗೆತ್ತಿಕೊಂಡರು. ಈಗ ತೊಟ್ಟಿಗಳಲ್ಲಿ ಸಿಂಪಿಚಿಪ್ಪುಗಳ ಮೇಲೆ ಪಾಚಿಯನ್ನು ಬೇಸಿಗೆಯಿಡೀ ಸಾಕಿ, ಶರತ್ಕಾಲದಲ್ಲಿ ಅದರ ಕಣಗಳನ್ನು ಬಲೆಗಳಿಗೆ ಹತ್ತಿಸಿ, ಬಲೆಗಳನ್ನು ಕಡಲಿನಲ್ಲಿ ಹರಡುತ್ತಾರೆ. ನೋರಿ ಬೆಳೆಗೆ ಹೆಸರಾದ ಅರಿಯಾಕೆ ಕಡಲಿನ ದಡದ ಕುಮಾಮೊಟೊ ಪ್ರಾಂತ್ಯದಲ್ಲಿ, ಉಟೊ ಎಂಬಲ್ಲಿ, 1963ರಲ್ಲಿ ಡ್ರೂ-ಬೇಕರ್ ಅವರ ಸ್ಮಾರಕ ನಿಲ್ಲಿಸಿದರು. ಪ್ರತಿ ಏಪ್ರಿಲ್ 14ರಂದು ಅಲ್ಲಿ ಅವರ ನೆನಪಿಗೆ ಪೂಜೆ ನಡೆಯುತ್ತದೆ. ಅವರು 1957ರಲ್ಲಿ ತೀರಿಕೊಂಡರು. ಜಪಾನನ್ನು ಅವರು ಎಂದೂ ನೋಡಿರಲಿಲ್ಲ.

ಕೊಯ್ದ ಪಾಚಿಯನ್ನು ತೊಳೆದು, ಸಣ್ಣಗೆ ಕೊಚ್ಚಿ, ಸಿಹಿನೀರಿನಲ್ಲಿ ಕದಡಿ, ಚಾಪೆಯ ಮೇಲೆ ತೆಳ್ಳಗೆ ಹರಡಿ ಒಣಗಿಸುತ್ತಾರೆ. ಕೈಯಿಂದ ಕಾಗದ ಮಾಡುವ ವಿಧಾನವೇ ಇದಕ್ಕೆ ಮಾದರಿ. ಒಂದು ಹಾಳೆಯ ಅಳತೆ 21 ಸೆಂ.ಮೀ. ಉದ್ದ, 19 ಸೆಂ.ಮೀ. ಅಗಲ, ತೂಕ ಸುಮಾರು 3 ಗ್ರಾಂ. ಸುಟ್ಟಾಗ ಕೆಂಪು ವರ್ಣಕ ಬಿಸಿಗೆ ಒಡೆದು, ಅಷ್ಟು ಬೇಗ ಒಡೆಯದ ಪತ್ರಹರಿತ್ತು ಉಳಿಯುವುದರಿಂದ ಹಾಳೆ ಹಸಿರಾಗುತ್ತದೆ. ಒಳ್ಳೆಯ ನೋರಿ ಮಡಚಿದರೆ ಚಟ್ಟನೆ ಮುರಿಯಬೇಕು. ಬೆಳಕಿಗೆ ಹಿಡಿದರೆ ತೂತಿಲ್ಲದೆ ಒಂದೇ ಸಮನೆ ಹಸಿರಾಗಿ ಕಾಣಬೇಕು.

ನೋರಿಗೆ ಶತ್ರು ತೇವ. ಡಬ್ಬಿ ಸರಿಯಾಗಿ ಮುಚ್ಚದಿದ್ದರೆ, ಅದೂ ಕರಾವಳಿಯ ಮಳೆಗಾಲದಲ್ಲಿ, ಒಂದೇ ದಿನದಲ್ಲಿ ಹಾಳೆ ಮೆತ್ತಗಾಗಿ ಜಗಿದರೂ ಹರಿಯದಂತಾಗುತ್ತದೆ. ಸಣ್ಣ ಉರಿಯ ಮೇಲೆ ಕೆಲವು ಸೆಕೆಂಡು ಆಡಿಸಿದರೆ ಗರಿಗರಿತನ ಮರಳುತ್ತದೆ. ನೇರಳೆ ಬಣ್ಣಕ್ಕೆ ತಿರುಗಿ ವಾಸನೆ ಹೋಗಿದ್ದರೆ ಬಿಸಿ ಮಾಡಿ ಪ್ರಯೋಜನವಿಲ್ಲ. ಅನ್ನದ ಸುರುಳಿ ಮಾಡುವಾಗಲೂ ತೇವದ್ದೇ ಲೆಕ್ಕಾಚಾರ. ಹಾಳೆಯ ಹೊಳಪಿನ ಮುಖ ಹೊರಗಿರಬೇಕು. ಅನ್ನ ಬಿಸಿಯಿದ್ದರೆ ಅದರ ಆವಿಗೆ ಹಾಳೆ ಮುದುಡುತ್ತದೆ, ಆದ್ದರಿಂದ ಮೈಯ ಬಿಸಿಯಷ್ಟಕ್ಕೆ ಆರಿಸಿ ತೆಳ್ಳಗೆ ಹರಡಬೇಕು. ಕೊನೆಯಲ್ಲಿ ಎರಡು ಬೆರಳಗಲ ಖಾಲಿ ಬಿಟ್ಟರೆ ಸುರುಳಿ ಅಲ್ಲಿ ಅಂಟಿಕೊಳ್ಳುತ್ತದೆ. ಸುತ್ತಿದ ಕೂಡಲೇ, ಒದ್ದೆ ಮಾಡಿದ ಚಾಕುವಿನಿಂದ ಕೊಯ್ದು ತಿಂದರೆ ನೋರಿಯ ಗರಿ ಉಳಿದಿರುತ್ತದೆ. ಸುರುಳಿಯ ಹೊರತಾಗಿ ನೋರಿಯನ್ನು ಅನ್ನದ ಉಂಡೆಗೆ ಸುತ್ತುವುದು, ಕತ್ತರಿಸಿ ನೂಡಲ್ಸ್ ಮೇಲೆ ಉದುರಿಸುವುದು, ಎಳ್ಳು ಉಪ್ಪಿನ ಜೊತೆ ಪುಡಿ ಮಾಡಿಟ್ಟು ಅನ್ನಕ್ಕೆ ಹಾಕಿಕೊಳ್ಳುವುದು ಸಾಮಾನ್ಯ. ಮೂರು ಪಾಚಿಗಳಲ್ಲಿ ಪ್ರೋಟೀನ್ ಹೆಚ್ಚಿರುವುದು ಇದರಲ್ಲಿಯೇ, ಆದರೆ 3 ಗ್ರಾಂ ಹಾಳೆಯಿಂದ ಸಿಗುವ ಪ್ರೋಟೀನ್ ಲೆಕ್ಕಕ್ಕೆ ಬರುವಷ್ಟಲ್ಲ.

ಕೆಲ್ಪ್ ತಣ್ಣನೆಯ ಕಡಲಿನದು. ಭಾರತದ ಬೆಚ್ಚಗಿನ ನೀರಿನಲ್ಲಿ ಅದು ಬೆಳೆಯುವುದಿಲ್ಲ. ಕ್ಯಾಲಿಫೋರ್ನಿಯಾ ಕರಾವಳಿಯ ದೈತ್ಯ ಕೆಲ್ಪ್ ಅನುಕೂಲ ಒದಗಿದಾಗ ದಿನಕ್ಕೆ ಅರ್ಧ ಮೀಟರ್‌ನಷ್ಟು ಬೆಳೆದು ನೀರಿನಡಿಯಲ್ಲಿ ಕಾಡುಗಳನ್ನೇ ಕಟ್ಟುತ್ತದೆ. ಅಡುಗೆಗೆ ಹೆಸರಾದದ್ದು ಜಪಾನಿನ ಉತ್ತರದ ಹೊಕ್ಕೈಡೊ ದ್ವೀಪದ ಕೊಂಬು. ಅಲ್ಲಿಯೂ ಊರಿಗೊಂದು ಬಗೆ. ರಿಶಿರಿ ಕೊಂಬುವಿನ ಸಾರು ತಿಳಿಯಾಗಿರುತ್ತದೆ, ರೌಸು ಕೊಂಬುವಿನದು ಗಾಢ. ಹಿದಾಕಾ ಬೇಗ ಬೇಯುವುದರಿಂದ ಅದನ್ನೇ ತಿನ್ನಲು ಚೆನ್ನ.

ಕೊಂಬು ಸಾರಿಗೆ ಜಪಾನಿನಲ್ಲಿ ದಾಶಿ ಎನ್ನುತ್ತಾರೆ. ಆ ದೇಶದ ಹೆಚ್ಚಿನ ಅಡುಗೆಗೆ ತಳಹದಿ ಅದು. ತೋಕಿಯೊದ ರಸಾಯನ ವಿಜ್ಞಾನಿ ಕಿಕುನಾಯೆ ಇಕೆದಾ ಈ ಸಾರಿನ ರುಚಿ ಸಿಹಿ, ಹುಳಿ, ಉಪ್ಪು, ಕಹಿ ಯಾವುದೂ ಅಲ್ಲವೆಂದು ಗಮನಿಸಿ, 1908ರಲ್ಲಿ ಕೊಂಬುವಿನಿಂದ ಗ್ಲುಟಮೇಟ್ ಎಂಬ ಪದಾರ್ಥವನ್ನು ಬೇರ್ಪಡಿಸಿದರು. ಉಮಾಮಿ ಎಂದು ಅವರು ಹೆಸರಿಟ್ಟ ರುಚಿ ಇದರದ್ದೇ. ಅಜಿನೊಮೊಟೊ ಎಂದು ಅಂಗಡಿಯಲ್ಲಿ ಸಿಗುವ ಹರಳುಗಳಿಗೂ ಇದೇ ಮೂಲ. ಕಳಿತ ಟೊಮೆಟೊದಲ್ಲಿಯೂ ಗ್ಲುಟಮೇಟ್ ಇದೆ, ಆದರೆ ಒಣಗಿದ ಕೊಂಬುವಿನಲ್ಲಿರುವಷ್ಟು ಬೇರೆಡೆ ಸಿಗುವುದು ಅಪರೂಪ.

ಒಂದು ಲೀಟರ್ ನೀರಿಗೆ 10 ಗ್ರಾಂ ಕೊಂಬು, ಎಂದರೆ ಅಂಗೈಯಗಲದ ಒಂದು ತುಂಡು, ಸಾಕಾಗುತ್ತದೆ. ಅದರ ಮೇಲೆ ಬೂಷ್ಟಿನಂತೆ ಕಾಣುವ ಬಿಳಿ ಪುಡಿ ಬೂಷ್ಟಲ್ಲ, ಮ್ಯಾನಿಟಾಲ್ ಎಂಬ ಸಿಹಿ ಪದಾರ್ಥ. ಆದ್ದರಿಂದ ತೊಳೆಯದೆ ಒದ್ದೆ ಬಟ್ಟೆಯಿಂದ ಮರಳನ್ನಷ್ಟೇ ಒರೆಸಬೇಕು. ಹಸಿರು ಅಥವಾ ಕಪ್ಪು ರೋಮದಂತೆ ಎದ್ದಿದ್ದರೆ ಅದು ನಿಜವಾದ ಬೂಷ್ಟು; ಬಿಸಾಡಬೇಕು. ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ, ನಿಧಾನ ಉರಿಯಲ್ಲಿ ಕಾಯಿಸುತ್ತ, ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆ ಏಳುತ್ತಿದ್ದಂತೆ ಕೊಂಬುವನ್ನು ತೆಗೆದುಬಿಡಬೇಕು. ಕುದಿಯಲು ಬಿಟ್ಟರೆ ಕಂದು ಪಾಚಿಯ ಕೋಶಭಿತ್ತಿಯಲ್ಲಿರುವ ಆಲ್ಜಿನೇಟ್ ಎಂಬ ಲೋಳೆ ನೀರಿಗೆ ಬಂದು ಸಾರು ಮಬ್ಬಾಗುತ್ತದೆ, ಕಡಲ ವಾಸನೆ ಮುಂದಾಗುತ್ತದೆ. ಬೆರಳಿಗೆ ಜಾರುವಂತಿದ್ದರೆ ಹದ ಮೀರಿದೆ ಎಂದು ತಿಳಿಯಬಹುದು. ಒಲೆಯನ್ನೇ ಹಚ್ಚದೆ ರಾತ್ರಿಯಿಡೀ ಫ್ರಿಜ್‌ನಲ್ಲಿ ನೆನೆಸಿಟ್ಟರೂ ಒಳ್ಳೆಯ ದಾಶಿ ಬರುತ್ತದೆ. ಹೊಸಬರಿಗೆ ಇದೇ ಸುರಕ್ಷಿತ ದಾರಿ.

ಬರೀ ಕೊಂಬು ದಾಶಿ ಮೊದಲ ಗುಟುಕಿಗೆ ಸಪ್ಪೆ ಎನಿಸುತ್ತದೆ. ಒಂದು ಚಿಟಿಕೆ ಉಪ್ಪು ಹಾಕಿದ ಕೂಡಲೇ ರುಚಿ ಎದ್ದು ಬರುತ್ತದೆ. ಜಪಾನಿನಲ್ಲಿ ಸಾಮಾನ್ಯವಾಗಿ ಇದಕ್ಕೆ ಒಣಗಿಸಿದ ಬೊನಿಟೊ ಮೀನಿನ ತುರಿ ಸೇರಿಸುತ್ತಾರೆ. ಮೀನಿನಲ್ಲಿರುವ ಇನೊಸಿನೇಟ್ ಗ್ಲುಟಮೇಟಿನ ಜೊತೆ ಸೇರಿದಾಗ ಎರಡರ ಒಟ್ಟು ಮೊತ್ತಕ್ಕಿಂತ ರುಚಿ ಎಷ್ಟೋ ಪಾಲು ಹೆಚ್ಚುತ್ತದೆ. ಹೀಗಾಗಿ ತರಕಾರಿ, ತೋಫು ಮಾತ್ರ ಕಾಣುವ ಜಪಾನೀ ಸಾರಿನಲ್ಲಿಯೂ ಮೀನು ಇರುವುದು ಮಾಮೂಲು. ಸಸ್ಯಾಹಾರಿಗಳು ಕೇಳಿ ತಿಳಿಯುವುದು ಒಳ್ಳೆಯದು. ಅಲ್ಲಿನ ಬೌದ್ಧ ಮಠಗಳ ಅಡುಗೆಯಲ್ಲಿ ಮೀನಿನ ಬದಲು ಒಣ ಶಿಟಾಕೆ ಅಣಬೆ ಹಾಕುತ್ತಾರೆ. ಅದರಲ್ಲಿರುವ ಗ್ವಾನಿಲೇಟ್ ಇದೇ ಕೆಲಸ ಮಾಡುತ್ತದೆ. ತೆಗೆದಿಟ್ಟ ಕೊಂಬುವನ್ನೂ ಬಿಸಾಡುವುದಿಲ್ಲ. ಸಣ್ಣಗೆ ಹೆಚ್ಚಿ, ಸೋಯಾ ಸಾಸ್, ಸಕ್ಕರೆ ಹಾಕಿ ನೀರು ಆರುವವರೆಗೆ ಬೇಯಿಸಿದರೆ ಅನ್ನದ ಜೊತೆ ನೆಂಚಿಕೊಳ್ಳಲು ಆಗುತ್ತದೆ.

ಕೆಲ್ಪ್ ವಿಷಯದಲ್ಲಿ ಎಚ್ಚರ ಬೇಕಿರುವುದು ಅಯೋಡಿನ್ ಬಗ್ಗೆ. ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಒಂದೇ ಗ್ರಾಂ ಒಣ ಕೊಂಬುವಿನಲ್ಲಿ ಅದರ ಹತ್ತು ಪಟ್ಟಿಗಿಂತ ಹೆಚ್ಚು ಇರಬಹುದು. ನೋರಿಯಲ್ಲಿ ಇದು ಬಹಳ ಕಡಿಮೆ. ಅಯೋಡಿನ್ ನೀರಿನಲ್ಲಿ ಕರಗುವುದರಿಂದ ಪಾಚಿಯನ್ನು ತಿನ್ನದೆ ಸಾರನ್ನಷ್ಟೇ ಕುಡಿದರೂ ಅದು ಹೊಟ್ಟೆಗೆ ಹೋಗುತ್ತದೆ. ಅಪರೂಪಕ್ಕೊಮ್ಮೆ ಒಂದು ಬಟ್ಟಲು ದಾಶಿ ಕುಡಿದರೆ ಆರೋಗ್ಯವಂತರಿಗೆ ತೊಂದರೆಯಿಲ್ಲ. ಅಯೋಡಿನ್ ಬೆರೆಸಿದ ಉಪ್ಪನ್ನೇ ದಿನಾ ಬಳಸುವ ಮನೆಯಲ್ಲಿ ಇದನ್ನು ನಿತ್ಯದ ರೂಢಿ ಮಾಡಿಕೊಳ್ಳುವುದು, ಕೆಲ್ಪ್ ಪುಡಿ ಅಥವಾ ಮಾತ್ರೆಗಳನ್ನು ಪೌಷ್ಟಿಕವೆಂದು ನುಂಗುವುದು ಸರಿಯಲ್ಲ. ಅಯೋಡಿನ್ ಅತಿಯಾದರೂ ಥೈರಾಯಿಡ್ ಏರುಪೇರಾಗುತ್ತದೆ. ಥೈರಾಯಿಡ್ ತೊಂದರೆ ಇರುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ವೈದ್ಯರನ್ನು ಕೇಳದೆ ಕೊಂಬು ಬಳಸಬಾರದು.